‘ಪೇಮೆಂಟ್’ ಹೋಗಿ ‘ಪಾವತಿ’ ಬಂದರೆ ಸಾಲದು

ಏಪ್ರಿಲ್ ಬಂತೆಂದರೆ ಪುರಸಭೆಯ ಗೋಡೆಯ ಮೇಲೆ, ಕಸದ ಗಾಡಿಯ ಮೈಕಿನಲ್ಲಿ, ಪತ್ರಿಕೆಯ ಸ್ಥಳೀಯ ಪುಟದಲ್ಲಿ ಆಸ್ತಿ ತೆರಿಗೆಯ ಪ್ರಕಟಣೆ ಬರುತ್ತದೆ. ಊರಿನ ಪ್ರತಿ ಮನೆಗೂ ಸಂಬಂಧಪಟ್ಟ ಕಾಗದ ಅದು. ಅದು ಅರ್ಥವಾಗದೇ ಹೋದರೆ ಕಚೇರಿಗೆ ಎರಡು ಸಲ ಓಡಾಡಬೇಕಾಗುತ್ತದೆ, ಇಲ್ಲವೇ ದಂಡ ತೆರಬೇಕಾಗುತ್ತದೆ. ಇಂಥ ಪ್ರಕಟಣೆಗಳು ಸಾಮಾನ್ಯವಾಗಿ ಯಾವ ಧಾಟಿಯಲ್ಲಿ ಇರುತ್ತವೆಯೋ ಅದೇ ಧಾಟಿಯಲ್ಲಿ ಒಂದು ಮಾದರಿಯನ್ನು ಬರೆದು ಇಲ್ಲಿಟ್ಟಿದ್ದೇನೆ. ಇದು ಯಾವುದೇ ಒಂದು ಊರಿನದಲ್ಲ.

“ಪುರಸಭೆ ವ್ಯಾಪ್ತಿಯ ಎಲ್ಲಾ ಪ್ರಾಪರ್ಟಿ ಓನರ್‌ಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಪ್ರಸಕ್ತ ಸಾಲಿನ ಪ್ರಾಪರ್ಟಿ ಟ್ಯಾಕ್ಸ್ ಅನ್ನು ಸೆಲ್ಫ್ ಅಸೆಸ್‌ಮೆಂಟ್ ಮೂಲಕ ದಿನಾಂಕ 30-04ರೊಳಗಾಗಿ ಪೇಮೆಂಟ್ ಮಾಡಿದಲ್ಲಿ ಶೇ 5ರಷ್ಟು ರಿಬೇಟ್ ನೀಡಲಾಗುವುದು. ಜೂನ್ ಅಂತ್ಯದ ಡ್ಯೂ ಡೇಟ್ ನಂತರ ಪ್ರತಿ ಮಾಹೆ ಶೇ 2ರಷ್ಟು ಪೆನಾಲ್ಟಿ ವಿಧಿಸಲಾಗುವುದು. ಸಂಬಂಧಪಟ್ಟ ಡಾಕ್ಯುಮೆಂಟ್ಸ್‌ಗಳೊಂದಿಗೆ ಕಚೇರಿಗೆ ಭೇಟಿ ನೀಡಿ ಚಲನ್ ಜನರೇಟ್ ಮಾಡಿಸಿಕೊಂಡು, ಬ್ಯಾಂಕ್ ಅಥವಾ ಆನ್‌ಲೈನ್ ಮೂಲಕ ಪೇಮೆಂಟ್ ಮಾಡಿ ಕೋಆಪರೇಟ್ ಮಾಡಲು ಕೋರಿದೆ.”

ಇದನ್ನು ಕನ್ನಡಕ್ಕೆ ತನ್ನಿ ಎಂದು ಮೇಲಧಿಕಾರಿ ಹೇಳಿದರು ಎಂದುಕೊಳ್ಳೋಣ. ಕಚೇರಿಯಲ್ಲಿ ಆಗುವುದು ಹೆಚ್ಚಾಗಿ ಒಂದೇ. ಪದಕೋಶ ತೆರೆದು, ಒಂದೊಂದು ಇಂಗ್ಲಿಷ್ ಪದವನ್ನು ತೆಗೆದು, ಅದರ ಜಾಗದಲ್ಲಿ ಒಂದೊಂದು ಪದವನ್ನು ಕೂರಿಸುತ್ತಾರೆ. ಆಗ ಹೀಗಾಗುತ್ತದೆ:

“ಪುರಸಭಾ ವ್ಯಾಪ್ತಿಯ ಸಮಸ್ತ ಸ್ವತ್ತುಧಾರಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಪ್ರಸಕ್ತ ಸಾಲಿನ ಸ್ವತ್ತು ತೆರಿಗೆಯನ್ನು ಸ್ವಯಂ ನಿರ್ಧರಣೆಯ ಮುಖಾಂತರ ದಿನಾಂಕ 30-04ರೊಳಗಾಗಿ ಪಾವತಿಸಿದಲ್ಲಿ ಶೇ 5ರಷ್ಟು ವಿನಾಯಿತಿಯನ್ನು ನೀಡಲಾಗುವುದು. ಅಂತಿಮ ದಿನಾಂಕದ ತರುವಾಯ ಮಾಹೆಯಾನ ಶೇ 2ರಷ್ಟು ದಂಡನೆಯನ್ನು ವಿಧಿಸಲಾಗುವುದು. ಸಂಬಂಧಿತ ದಸ್ತಾವೇಜುಗಳೊಂದಿಗೆ ಕಚೇರಿಗೆ ಭೇಟಿ ನೀಡಿ ಸಂದಾಯಪತ್ರವನ್ನು ಸೃಜಿಸಿಕೊಂಡು, ಬ್ಯಾಂಕ್ ಅಥವಾ ಅಂತರ್ಜಾಲ ಮುಖೇನ ಪಾವತಿಸಿ ಸಹಕರಿಸತಕ್ಕದ್ದು.”

ಇಂಗ್ಲಿಷ್ ಪದಗಳು ಹೆಚ್ಚುಕಡಿಮೆ ಎಲ್ಲವೂ ಹೋದವು. ಆದರೆ ಮೊದಲನೆಯದನ್ನು ಓದಿ ಅರ್ಧ ಅರ್ಥಮಾಡಿಕೊಂಡವರು ಇದನ್ನು ಓದಿ ಕಾಲು ಭಾಗವೂ ಅರ್ಥಮಾಡಿಕೊಳ್ಳಲಾರರು. “ಕನ್ನಡ ಪದ ಬಳಸಿದರೆ ಭಾಷೆ ಗಡುಸಾಗುತ್ತದೆ, ಇಂಗ್ಲಿಷೇ ಇರಲಿ ಬಿಡಿ” ಎಂಬ ಮಾತು ಹುಟ್ಟುವುದು ಇಂಥ ಪ್ರಕಟಣೆಗಳಿಂದ. 1963ರ ರಾಜಭಾಷಾ ಅಧಿನಿಯಮ ಕನ್ನಡವನ್ನು ಆಡಳಿತ ಭಾಷೆ ಮಾಡಿತು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಆ ದಾರಿಯನ್ನು ಇನ್ನಷ್ಟು ಗಟ್ಟಿ ಮಾಡಿತು. ಆದರೆ ಯಾವ ಕನ್ನಡ ಎಂಬುದನ್ನು ಪ್ರಕಟಣೆ ಬರೆಯುವ ಗುಮಾಸ್ತರೇ ತೀರ್ಮಾನಿಸಬೇಕು. ಆ ತೀರ್ಮಾನ ಹೇಗೆ ಆಗಬೇಕು ಎನ್ನುವುದಷ್ಟೇ ಇಲ್ಲಿನ ವಿಷಯ.

ಎರಡನೆಯ ಕರಡನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅದರ ಪದಗಳು ಬದಲಾಗಿವೆ, ವಾಕ್ಯ ಬದಲಾಗಿಲ್ಲ. ನಾಮಪದದ ಬೆನ್ನಿಗೆ ನಾಮಪದ ಬಂದು, ಕೊನೆಯಲ್ಲಿ “ನೀಡಲಾಗುವುದು”, “ವಿಧಿಸಲಾಗುವುದು” ಎಂಬ ಕ್ರಿಯಾಪದ ಜೋತುಬಿದ್ದಿದೆ. ಯಾರು ನೀಡುತ್ತಾರೆ, ಯಾರು ವಿಧಿಸುತ್ತಾರೆ ಎಂಬುದು ಎಲ್ಲೂ ಇಲ್ಲ. ಮನೆಯಲ್ಲಿ, ಅಂಗಡಿಯಲ್ಲಿ, ಹೊಲದ ಬದುವಿನ ಮೇಲೆ ನಾವು ಹೀಗೆ ಮಾತಾಡುವುದಿಲ್ಲ. ಆಡುವ ಕನ್ನಡದಲ್ಲಿ ವಾಕ್ಯದ ಭಾರ ಹೊರುವುದು ಕ್ರಿಯಾಪದ. ಕಟ್ಟು, ತರು, ಕೊಡು, ಸೇರು, ಇಡು ಇಂಥ ಸಣ್ಣ ಪದಗಳೇ ಹೆಚ್ಚಿನ ಕೆಲಸ ಮಾಡಿಬಿಡುತ್ತವೆ. ಹಾಗಾಗಿ ಪದಕೋಶ ತೆರೆಯುವ ಮೊದಲು ಪ್ರಕಟಣೆಯ ಒಂದೊಂದು ವಾಕ್ಯಕ್ಕೂ ‘ಯಾರು ಏನು ಮಾಡಬೇಕು’ ಎಂಬ ಪ್ರಶ್ನೆ ಹಾಕಬೇಕು. ಉತ್ತರ ಸಿಕ್ಕಿದ ಕೂಡಲೇ ಎಷ್ಟೋ ಇಂಗ್ಲಿಷ್ ಪದಗಳಿಗೆ ಬದಲಿ ಪದ ಹುಡುಕುವ ಅಗತ್ಯವೇ ಉಳಿಯುವುದಿಲ್ಲ.

‘ಪೇಮೆಂಟ್ ಮಾಡು’ ಎಂಬುದನ್ನೇ ತೆಗೆದುಕೊಳ್ಳಿ. ಅದಕ್ಕೆ ‘ಪಾವತಿಸು’ ಎಂಬ ಪದ ಇದೆ, ತಪ್ಪೇನಿಲ್ಲ. ಆದರೆ ತೆರಿಗೆ, ಕರೆಂಟ್ ಬಿಲ್ಲು, ಶಾಲೆಯ ಫೀಸು, ಬ್ಯಾಂಕಿನ ಕಂತು ಇವನ್ನೆಲ್ಲ ಕನ್ನಡಿಗರು ‘ಕಟ್ಟುತ್ತಾರೆ’. ಕಟ್ಟು ಎಂಬ ಎರಡಕ್ಷರದ ಪದ ಎಲ್ಲ ಜಿಲ್ಲೆಯಲ್ಲೂ, ಎಲ್ಲ ವಯಸ್ಸಿನವರ ಬಾಯಲ್ಲೂ ಇದೆ. ಸರಕಾರಿ ಕಾಗದದಲ್ಲಿ ಅದನ್ನು ಬರೆದರೆ ಗಾಂಭೀರ್ಯ ಕಡಿಮೆಯಾಗುತ್ತದೆ ಎಂಬ ಅಳುಕು ಬಹಳ ಕಚೇರಿಗಳಲ್ಲಿ ಇದೆ. ಆ ಅಳುಕಿಗೆ ಆಧಾರವಿಲ್ಲ. ‘ಕಟ್ಟಬೇಕು’ ಎಂಬಲ್ಲಿ ಕಡ್ಡಾಯವೂ ಇದೆ, ಮರ್ಯಾದೆಯೂ ಇದೆ. ‘ತಕ್ಕದ್ದು’ ಎಂಬ ರೂಪ ಅಧಿನಿಯಮ ಮತ್ತು ನಿಯಮಗಳ ಕನ್ನಡ ಪಾಠದ್ದು. ಕಾನೂನಿನ ಕಲಮುಗಳಲ್ಲಿ ಅದಕ್ಕೆ ನಿಶ್ಚಿತವಾದ ಅರ್ಥವಿದೆ, ಅದು ಅಲ್ಲಿಯೇ ಇರಲಿ. ಗೋಡೆಗೆ ಅಂಟಿಸುವ ಪ್ರಕಟಣೆಯಲ್ಲಿ ಅದಕ್ಕೆ ಕೆಲಸವಿಲ್ಲ.

‘ಸೆಲ್ಫ್ ಅಸೆಸ್‌ಮೆಂಟ್’ ಇನ್ನೂ ಸ್ವಾರಸ್ಯದ್ದು. ಪದಕೋಶದ ದಾರಿಯಲ್ಲಿ ಹೋದವರು ‘ಸ್ವಯಂ ನಿರ್ಧರಣೆ’ಗೆ ತಲುಪುತ್ತಾರೆ. ಕಂದಾಯ ವಿಭಾಗದಲ್ಲಿ ‘ಸ್ವಯಂ ಘೋಷಿತ ಆಸ್ತಿ ತೆರಿಗೆ’ ಎಂಬ ಹೆಸರು ಬಳಕೆಯಲ್ಲಿದೆ. ಹೆಸರಾಗಿ ಅದು ಇರಲಿ, ಅರ್ಜಿಯ ನಮೂನೆಯಲ್ಲೂ ಅದೇ ಇರುತ್ತದೆ. ಆದರೆ ಮೊದಲ ಸಲ ತೆರಿಗೆ ಕಟ್ಟುವವರಿಗೆ ಹೆಸರು ಏನನ್ನೂ ತಿಳಿಸುವುದಿಲ್ಲ. ‘ನಿಮ್ಮ ತೆರಿಗೆ ಎಷ್ಟು ಎಂಬುದನ್ನು ನೀವೇ ಲೆಕ್ಕ ಹಾಕಿ ಘೋಷಿಸಬೇಕು’ ಎಂದು ಬರೆದರೆ ತಿಳಿಯುತ್ತದೆ. ಇಲ್ಲಿ ಒಂದು ಇಂಗ್ಲಿಷ್ ಪದಗುಚ್ಛದ ಜಾಗಕ್ಕೆ ಒಂದು ಕನ್ನಡ ಪದ ಬರಲಿಲ್ಲ, ಒಂದು ಇಡೀ ವಾಕ್ಯ ಬಂತು. ಪದಕ್ಕೆ ಪದವೇ ಸಿಗಬೇಕೆಂಬ ಹಟ ಬಿಟ್ಟರೆ ಗಡುಸುತನದ ದೊಡ್ಡ ಪಾಲು ಅಲ್ಲೇ ಕರಗುತ್ತದೆ.

ಇನ್ನು ಅಪಾಯದ ಜಾಗಕ್ಕೆ ಬರೋಣ. ‘ರಿಬೇಟ್’ ಅನ್ನು ಎರಡನೆಯ ಕರಡು ‘ವಿನಾಯಿತಿ’ ಮಾಡಿತು. ಈ ತಪ್ಪು ಪ್ರಕಟಣೆಗಳಲ್ಲಿ ಪದೇ ಪದೇ ಕಾಣುತ್ತದೆ. ತೆರಿಗೆಯ ಮಾತಿನಲ್ಲಿ ವಿನಾಯಿತಿ ಎಂದರೆ ತೆರಿಗೆಯನ್ನೇ ಕಟ್ಟಬೇಕಾಗಿಲ್ಲ ಎಂದು. ದೇವಸ್ಥಾನ, ಮಸೀದಿ, ಚರ್ಚುಗಳಂಥ ಪೂಜಾಸ್ಥಳಗಳಿಗೆ ಕಾನೂನು ಕೊಡುವುದು ವಿನಾಯಿತಿ. ಕಟ್ಟಬೇಕಾದ ಮೊತ್ತದಲ್ಲಿ ಒಂದಿಷ್ಟು ಕಡಿಮೆ ಮಾಡುವುದು ರಿಯಾಯಿತಿ. ಎರಡೂ ಪದಗಳು ಕಿವಿಗೆ ಹತ್ತಿರ ಹತ್ತಿರ ಕೇಳುತ್ತವೆ, ಕಾನೂನಿನಲ್ಲಿ ದೂರ ದೂರ ನಿಲ್ಲುತ್ತವೆ. ‘ಶೇ 5 ರಿಯಾಯಿತಿ’ ಎಂದರೆ ಅಂಗಡಿ ಬೋರ್ಡು ಓದಿದ ಪ್ರತಿಯೊಬ್ಬರಿಗೂ ಗೊತ್ತು. ಹಾಗೆಯೇ ‘ಪೆನಾಲ್ಟಿ’ಗೆ ‘ದಂಡ’ ಸರಿ, ‘ದಂಡನೆ’ ತಪ್ಪು. ದಂಡನೆ ಎಂದರೆ ಶಿಕ್ಷೆ. ದಂಡವನ್ನು ‘ಬಡ್ಡಿ’ ಎಂದು ಸಡಿಲವಾಗಿ ಬರೆಯುವುದೂ ಸಲ್ಲದು. ಕಾನೂನಿನಲ್ಲಿ ಅವೆರಡೂ ಬೇರೆ ಬೇರೆ, ಮುಂದೆ ತಕರಾರು ಬಂದಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಕನ್ನಡಕ್ಕೆ ಬಂದಾಗ ಅರ್ಥವೇ ಜಾರಿಹೋಗುವ ಇನ್ನೊಂದು ಪದ ‘ಡಿಮ್ಯಾಂಡ್’. ತೆರಿಗೆ ವಿಭಾಗದ ಲೆಕ್ಕದಲ್ಲಿ ‘ಬೇಡಿಕೆ, ವಸೂಲಿ, ಬಾಕಿ’ ಎಂಬ ಮೂರು ಕಾಲಂಗಳು ಇರುತ್ತವೆ. ಒಳಗಿನವರಿಗೆ ಬೇಡಿಕೆ ಎಂದರೆ ಈ ವರ್ಷ ಬರಬೇಕಾದ ತೆರಿಗೆಯ ಮೊತ್ತ. ಹೊರಗಿನವರಿಗೆ ಬೇಡಿಕೆ ಎಂದರೆ ಕಾರ್ಮಿಕರ ಬೇಡಿಕೆ, ಮಾರುಕಟ್ಟೆಯಲ್ಲಿ ಟೊಮೆಟೊಗೆ ಬಂದ ಬೇಡಿಕೆ. ‘ನಿಮ್ಮ ಬೇಡಿಕೆ 4,000 ರೂ.’ ಎಂಬ ಸಾಲನ್ನು ಓದಿದವರು ತಾವು ಯಾವಾಗ ಬೇಡಿದೆವು ಎಂದು ಕೇಳಿದರೆ ತಪ್ಪು ಅವರದಲ್ಲ. ಲೆಕ್ಕದ ಪುಸ್ತಕದಲ್ಲಿ ಆ ಪದ ಇರಲಿ. ಜನರಿಗೆ ಹೋಗುವ ಕಾಗದದಲ್ಲಿ ‘ನೀವು ಕಟ್ಟಬೇಕಾದ ಮೊತ್ತ’ ಎಂದು ಬರೆಯಬೇಕು. ಅಚ್ಚಕನ್ನಡದ ಪದವಾದರೂ ಒಳಕಚೇರಿಯ ಅರ್ಥದಲ್ಲಿ ಬಂದರೆ ಅದು ಓದುಗರಿಗೆ ಪರಭಾಷೆಯೇ.

ಇಲ್ಲಿ ‘ಅಚ್ಚಕನ್ನಡ’ ಎಂಬ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. ಅರ್ಜಿ, ರಸೀದಿ, ಬಾಕಿ, ವಸೂಲಿ, ಜಿಲ್ಲೆ, ತಾಲ್ಲೂಕು, ಮಾಲೀಕ, ರಿಯಾಯಿತಿ ಎಲ್ಲವೂ ಅರಬ್ಬಿ, ಪಾರಸಿಗಳಿಂದ ಬಂದು ಹಳೆಯ ಆಡಳಿತಗಳ ಕಾಲದಲ್ಲಿ ನಮ್ಮಲ್ಲಿ ನೆಲೆನಿಂತ ಪದಗಳು. ಇವತ್ತು ಇವನ್ನು ಹೊರಗಿನವು ಎಂದು ಯಾರೂ ನೋಡುವುದಿಲ್ಲ, ನೋಡಬಾರದು ಕೂಡ. ರಸೀದಿಯನ್ನು ‘ಸ್ವೀಕೃತಿ ಪತ್ರ’ ಮಾಡಲು ಹೋದರೆ ಅರ್ಥವೂ ಕೆಡುತ್ತದೆ. ಅರ್ಜಿ ತಲುಪಿದೆ ಎಂದು ಕೊಡುವುದು ಸ್ವೀಕೃತಿ, ಹಣ ತಲುಪಿದೆ ಎಂದು ಕೊಡುವುದು ರಸೀದಿ. ಆದರೆ ಅದೇ ಮೂಲದ ‘ಮಾಹೆ’ ಮತ್ತು ‘ಮಾಹೆಯಾನ’ ಕಚೇರಿಯ ಕಡತಗಳಲ್ಲಿ ಮಾತ್ರ ಉಸಿರಾಡುತ್ತಿವೆ. ಅವುಗಳ ಬದಲು ‘ತಿಂಗಳು’ ಎಂದರೆ ಮುಗಿಯಿತು. ಅಂದರೆ ಪದದ ಮೂಲ ಯಾವುದೆಂದು ಕೇಳುತ್ತ ಕೂರಬಾರದು. ಕಚೇರಿಯ ಹೊಸ್ತಿಲು ದಾಟಿ ಜನರ ಬಾಯಿಗೆ ಬಂದಿದೆಯೇ ಎಂದು ಕೇಳಬೇಕು.

ಇದೇ ಪ್ರಶ್ನೆಯನ್ನು ಇಂಗ್ಲಿಷಿನಿಂದ ಬಂದ ಪದಗಳಿಗೂ ಹಾಕಿದರೆ ಯಾವುದನ್ನು ಉಳಿಸಬೇಕು ಎಂಬುದೂ ತಿಳಿಯುತ್ತದೆ. ಬ್ಯಾಂಕು, ಬಿಲ್ಲು, ಮೀಟರು, ಚೆಕ್ಕು, ಟ್ಯಾಂಕರು ಕನ್ನಡದ ಉಕಾರ ಹಚ್ಚಿಕೊಂಡು ನಮ್ಮವೇ ಆಗಿವೆ. ಆನ್‌ಲೈನ್ ಎಂಬುದೂ ಹಾಗೆಯೇ. ಅದರ ಜಾಗದಲ್ಲಿ ‘ಅಂತರ್ಜಾಲ ಮುಖೇನ’ ಎಂದು ಬರೆದರೆ ಹೆಚ್ಚು ಜನಕ್ಕೆ ತಿಳಿಯುವುದಿಲ್ಲ, ಕಡಿಮೆ ಜನಕ್ಕೆ ತಿಳಿಯುತ್ತದೆ. ಚಲನ್ ಇಂಗ್ಲಿಷಿನದ್ದಲ್ಲ, ಉತ್ತರದ ಭಾಷೆಗಳಿಂದ ಬಂದದ್ದು. ಬ್ಯಾಂಕಿನ ಕಿಟಕಿಯಲ್ಲಿ ಅದನ್ನು ಚಲನ್ ಎಂದೇ ಕೇಳುತ್ತಾರೆ. ‘ಸಂದಾಯಪತ್ರ ಕೊಡಿ’ ಎಂದರೆ ಕಿಟಕಿಯ ಆಚೆ ಇರುವವರೂ ಒಂದು ಕ್ಷಣ ತಡವರಿಸುತ್ತಾರೆ. ಜನ ಆ ಕಾಗದವನ್ನು ಯಾವ ಹೆಸರಿನಿಂದ ಕೇಳಿ ಪಡೆಯಬೇಕೋ, ಪರದೆಯ ಮೇಲೆ ಯಾವ ಹೆಸರಿನ ಗುಂಡಿ ಒತ್ತಬೇಕೋ, ಪ್ರಕಟಣೆಯಲ್ಲೂ ಅದೇ ಹೆಸರು ಇರಬೇಕು. ಪರದೆಯಲ್ಲಿ ಒಂದು, ಪ್ರಕಟಣೆಯಲ್ಲಿ ಇನ್ನೊಂದು ಇದ್ದರೆ ಕನ್ನಡವೇ ಜನರಿಗೆ ಅಡ್ಡ ಬಂದಂತಾಗುತ್ತದೆ, ಅದು ನನಗೆ ತೀರ ನೋವಿನ ಸಂಗತಿ. ಬದಲಿಸುವುದಿದ್ದರೆ ಮೊದಲು ಪರದೆಯ ಪದ ಬದಲಾಗಲಿ.

ಹಾಗಾದರೆ ‘ಪ್ರಾಪರ್ಟಿ ಟ್ಯಾಕ್ಸ್’ ಹೋಗಲೇಬೇಕೇ? ಹೋಗಬೇಕು. ಅದು ಅನಗತ್ಯವಾಗಿ ಬಂದು ಕೂತದ್ದು. ‘ಆಸ್ತಿ ತೆರಿಗೆ’ ಎಂಬ ಪದ ಹಳೆಯದು, ರಸೀದಿಯ ಮೇಲೆ ಅಚ್ಚಾಗಿದೆ, ಓದಿದ ಕೂಡಲೇ ತಿಳಿಯುತ್ತದೆ. ಆದರೂ ಹಳೆ ಮೈಸೂರು ಕಡೆಯ ಬೀದಿಗಳಲ್ಲಿ ಅದನ್ನು ‘ಮನೆ ಕಂದಾಯ’ ಎಂದೇ ಕರೆಯುತ್ತಾರೆ. ಕಂದಾಯ ಎಂಬುದು ಕಾನೂನಿನಲ್ಲಿ ಭೂಮಿಯ ಕಂದಾಯಕ್ಕೆ ಸಂಬಂಧಿಸಿದ್ದು. ಆದ್ದರಿಂದ ವಾಕ್ಯಗಳಲ್ಲೆಲ್ಲ ಆಸ್ತಿ ತೆರಿಗೆ ಎಂದೇ ಇಟ್ಟು, ತಲೆಬರಹದಲ್ಲಿ ಒಂದು ಸಲ ಕಂಸದೊಳಗೆ ‘ಮನೆ ಕಂದಾಯ’ ಎಂದು ಸೇರಿಸಿದರೆ ಕಾನೂನೂ ಉಳಿಯುತ್ತದೆ, ಕೇಳುಗರಿಗೂ ಹೊಳೆಯುತ್ತದೆ. ಒಮ್ಮೆ ಆರಿಸಿದ ಪದವನ್ನು ಕೊನೆತನಕ ಬದಲಿಸಬಾರದು. ಮೊದಲ ಸಾಲಿನಲ್ಲಿ ಆಸ್ತಿ ತೆರಿಗೆ, ಮೂರನೆಯದರಲ್ಲಿ ಸ್ವತ್ತು ಕರ, ಐದನೆಯದರಲ್ಲಿ ಕಂದಾಯ ಎಂದರೆ ಮೂರು ಬೇರೆ ಬೇರೆ ಬಾಕಿಗಳು ಇವೆಯೇನೋ ಎಂದು ಜನ ಗಾಬರಿಯಾಗುತ್ತಾರೆ. ಶಾಲೆಯ ಪ್ರಬಂಧದಲ್ಲಿ ಪದ ಬದಲಿಸಿ ಬರೆಯುವುದು ಗುಣ, ಪ್ರಕಟಣೆಯಲ್ಲಿ ಅದು ದೋಷ.

ಊರಿನ ಮಾತನ್ನೂ ಗಮನಿಸಬೇಕು. ಹಳೆ ಮೈಸೂರಿನಲ್ಲಿ ಪಹಣಿ ಎಂಬುದು ಬೆಳಗಾವಿ, ಧಾರವಾಡದ ಕಡೆ ಉತಾರ. ಬೆಂಗಳೂರಿನಲ್ಲಿ ತಯಾರಾದ ಒಂದೇ ಮಾದರಿ ಎಲ್ಲ ಊರಿಗೂ ಹೋಗುವಾಗ ಇಂಥ ಒಂದೆರಡು ಜಾಗದಲ್ಲಿ ಸ್ಥಳೀಯ ಕಚೇರಿ ತನ್ನ ಊರಿನ ಪದವನ್ನು ಪಕ್ಕದಲ್ಲಿ ಸೇರಿಸಲು ಅವಕಾಶ ಇರಬೇಕು.

‘ಡಾಕ್ಯುಮೆಂಟ್ಸ್‌ಗಳೊಂದಿಗೆ’ ಎಂಬಲ್ಲಿ ಬಹುವಚನದ ಮೇಲೆ ಬಹುವಚನ ಕೂತಿರುವುದು ಸಣ್ಣ ದೋಷ. ದೊಡ್ಡ ದೋಷ ಬೇರೆ ಇದೆ. ಅದನ್ನು ‘ಸಂಬಂಧಪಟ್ಟ ದಾಖಲೆಗಳೊಂದಿಗೆ’ ಎಂದು ತಿದ್ದಿದರೂ ಯಾವ ದಾಖಲೆ ಎಂಬುದು ತಿಳಿಯುವುದಿಲ್ಲ. ‘ದಸ್ತಾವೇಜು’ ಎಂದರೆ ಇನ್ನೂ ತೊಡಕು, ಏಕೆಂದರೆ ಜನ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದ ಕ್ರಯಪತ್ರವನ್ನು ಪೆಟ್ಟಿಗೆಯಿಂದ ತೆಗೆದು ತರುತ್ತಾರೆ. ಬರೆಯುವವರು ಎದ್ದು ತೆರಿಗೆ ವಿಭಾಗದ ಮೇಜಿಗೆ ಹೋಗಿ, ಬರುವವರಿಂದ ನಿಜವಾಗಿ ಏನು ಕೇಳುತ್ತೀರಿ ಎಂದು ವಿಚಾರಿಸಬೇಕು. ಹೋದ ವರ್ಷದ ರಸೀದಿ ಇದ್ದರೆ ಸಾಕು ಎಂದು ಅವರು ಹೇಳಿದರೆ ಪ್ರಕಟಣೆಯಲ್ಲೂ ಅಷ್ಟನ್ನೇ ಬರೆಯಬೇಕು. ಎರವಲು ಪದಗಳು ಬಹಳ ಸಲ ಇಂಥ ಮಬ್ಬನ್ನು ಮುಚ್ಚಿಟ್ಟಿರುತ್ತವೆ. ಅವನ್ನು ಎತ್ತಿದಾಗ ಕಾಣುವುದು ಪದದ ಕೊರತೆಯಲ್ಲ, ಮಾಹಿತಿಯ ಕೊರತೆ.

‘ಚಲನ್ ಸೃಜಿಸಿಕೊಂಡು’ ಎಂಬುದು ಈಚೆಗೆ ಗಣಕೀಕರಣದ ಜೊತೆಗೆ ಬಂದ ರೂಢಿ. ಯಂತ್ರದಿಂದ ಏನು ಹೊರಬಂದರೂ ಅದು ‘ಸೃಜನೆ’ಯಾಗುತ್ತಿದೆ. ಕನ್ನಡದಲ್ಲಿ ಚಲನ್ ಅನ್ನು ‘ಮಾಡಿಕೊಡುತ್ತಾರೆ’, ‘ಪಡೆಯುತ್ತೇವೆ’, ‘ತೆಗೆಸುತ್ತೇವೆ’. ಕೊನೆಯಲ್ಲಿ ಬರುವ ‘ಕೋಆಪರೇಟ್ ಮಾಡಲು ಕೋರಿದೆ’ ಎಂಬುದಕ್ಕೆ ಬದಲಿ ಪದವೇ ಬೇಡ. ತೆರಿಗೆ ಕಟ್ಟಿದರೆ ಸಹಕರಿಸಿದಂತೆಯೇ ಆಯಿತು. ಆರಂಭದ ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂಬುದೂ ಹೋಗಲಿ. ಮೇಲೆ ಪ್ರಕಟಣೆ ಎಂದು ಬರೆದ ಮೇಲೆ ತಿಳಿಸುತ್ತಿದ್ದೇವೆ ಎಂದು ಮತ್ತೆ ತಿಳಿಸಬೇಕಾಗಿಲ್ಲ.

ದಿನಾಂಕದ ಬಗ್ಗೆ ಒಂದು ಮಾತು. ‘30-04ರೊಳಗಾಗಿ’ ಎಂದರೆ 30ನೇ ತಾರೀಕು ಸೇರಿತೋ ಇಲ್ಲವೋ? ಕೆಲವರು ಸೇರಿದೆ ಎಂದುಕೊಳ್ಳುತ್ತಾರೆ, ಕೆಲವರು 29ಕ್ಕೇ ಮುಗಿಯಿತು ಎಂದು ಕೈಬಿಡುತ್ತಾರೆ. ‘ಏಪ್ರಿಲ್ 30ರವರೆಗೆ’ ಎಂದರೆ ಈ ಗೊಂದಲ ಕಡಿಮೆ. ‘ಕಡೆಯ ದಿನ ಏಪ್ರಿಲ್ 30’ ಎಂದರೆ ಗೊಂದಲವೇ ಇಲ್ಲ. ‘ಡ್ಯೂ ಡೇಟ್’ ಎಂಬುದಕ್ಕೆ ‘ಕಡೆಯ ದಿನ’ ಇದೆ, ‘ಗಡುವು’ ಇದೆ, ಎರಡೂ ಜನ ಬಳಸುವ ಪದಗಳೇ. ಶೇಕಡಾ ಲೆಕ್ಕದ ಜೊತೆಗೆ ಒಂದು ಉದಾಹರಣೆ ಕೊಟ್ಟರೆ ಇನ್ನೂ ಒಳ್ಳೆಯದು. ಉಪಕರಗಳನ್ನು ಬಿಟ್ಟು 4,000 ರೂಪಾಯಿ ತೆರಿಗೆ ಇದ್ದವರು ಏಪ್ರಿಲ್‌ನಲ್ಲಿ 3,800 ಕಟ್ಟುತ್ತಾರೆ, ಮೇ ಮತ್ತು ಜೂನ್‌ನಲ್ಲಿ 4,000 ಕಟ್ಟುತ್ತಾರೆ, ಜುಲೈನಿಂದ ತಿಂಗಳಿಗೆ 80 ರೂಪಾಯಿ ದಂಡ ಸೇರುತ್ತಾ ಹೋಗುತ್ತದೆ. ಮೇ, ಜೂನ್ ತಿಂಗಳಲ್ಲಿ ಏನು ಎಂಬುದನ್ನು ಮೊದಲಿನ ಎರಡೂ ಕರಡುಗಳು ಹೇಳಿಯೇ ಇರಲಿಲ್ಲ ಎಂಬುದು ಈ ಲೆಕ್ಕ ಬರೆಯುವಾಗಲಷ್ಟೇ ಕಣ್ಣಿಗೆ ಬೀಳುತ್ತದೆ.

ಇಷ್ಟನ್ನೂ ಸೇರಿಸಿ ಬರೆದ ಮೂರನೆಯ ಕರಡು ಇದು:

“ಆಸ್ತಿ ತೆರಿಗೆ (ಮನೆ ಕಂದಾಯ) ಕುರಿತು ಪ್ರಕಟಣೆ

ಪುರಸಭೆ ವ್ಯಾಪ್ತಿಯ ಮನೆ, ಅಂಗಡಿ ಮತ್ತು ನಿವೇಶನಗಳ ಮಾಲೀಕರು ಈ ವರ್ಷದ ಆಸ್ತಿ ತೆರಿಗೆಯನ್ನು ಕಟ್ಟಬೇಕು. ತೆರಿಗೆ ಎಷ್ಟು ಎಂಬುದನ್ನು ನೀವೇ ಲೆಕ್ಕ ಹಾಕಿ ಘೋಷಿಸಬೇಕು. ಲೆಕ್ಕ ಹಾಕಲು ಪುರಸಭೆಯ ತೆರಿಗೆ ವಿಭಾಗದವರು ನೆರವಾಗುತ್ತಾರೆ.

ಏಪ್ರಿಲ್ 30ರವರೆಗೆ ಕಟ್ಟಿದರೆ ತೆರಿಗೆಯಲ್ಲಿ ಶೇ 5 ರಿಯಾಯಿತಿ ಇದೆ. ಮೇ ಮತ್ತು ಜೂನ್ ತಿಂಗಳಲ್ಲಿ ಕಟ್ಟಿದರೆ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈ 1ರಿಂದ ತಿಂಗಳಿಗೆ ಶೇ 2ರಂತೆ ದಂಡ ಸೇರುತ್ತದೆ.

ಕಳೆದ ವರ್ಷದ ರಸೀದಿಯೊಂದಿಗೆ ಕಚೇರಿಗೆ ಬಂದರೆ ಚಲನ್ ಮಾಡಿಕೊಡುತ್ತೇವೆ. ಹಣವನ್ನು ಬ್ಯಾಂಕಿನಲ್ಲಿ ಅಥವಾ ಆನ್‌ಲೈನ್‌ನಲ್ಲಿ ಕಟ್ಟಬಹುದು. ಕಟ್ಟಿದ ಮೇಲೆ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಮುಖ್ಯಾಧಿಕಾರಿ, ಪುರಸಭೆ”

‘ನಿವೇಶನ’ ಎಂಬ ಪದವನ್ನು ನೋಡಿ. ಮಾತಿನಲ್ಲಿ ಎಲ್ಲರೂ ಸೈಟು ಎನ್ನುತ್ತಾರೆ, ಆದರೆ ಬಡಾವಣೆಗಳ ಜಾಹೀರಾತು, ಹಂಚಿಕೆ ಪತ್ರ, ಖಾತೆ ಎಲ್ಲದರಲ್ಲೂ ನಿವೇಶನ ಎಂದು ಓದಿ ಓದಿ ಅದು ಪರಿಚಯದ ಪದವಾಗಿದೆ. ಪಡಿತರ ಚೀಟಿ, ಗುರುತಿನ ಚೀಟಿ, ಬಸ್ ನಿಲ್ದಾಣ ಹೀಗೆಯೇ ನೆಲೆಯೂರಿದವು. ಜನ ಆಡದಿದ್ದರೂ ಓದಿ ಗುರುತಿಸುವ ಪದಗಳನ್ನು ಧೈರ್ಯವಾಗಿ ಬಳಸಬಹುದು. ಓದಿಯೂ ಗುರುತಿಸಲಾಗದ ಹೊಸ ಪದವನ್ನು ಮೊತ್ತಮೊದಲು ಪರಿಚಯಿಸುವ ಜಾಗ ದಂಡದ ಗಡುವು ಇರುವ ಪ್ರಕಟಣೆ ಅಲ್ಲ. ಅದಕ್ಕೆ ಪಠ್ಯಪುಸ್ತಕ ಇದೆ, ಪತ್ರಿಕೆ ಇದೆ.

ಈ ಸರಳತೆಗೆ ಒಂದು ಎಲ್ಲೆ ಇದೆ. ಸಾರ್ವಜನಿಕ ಪ್ರಕಟಣೆ ಬೇರೆ, ಬಾಕಿದಾರರೊಬ್ಬರ ಹೆಸರಿಗೆ ಹೋಗುವ ನೋಟಿಸು ಬೇರೆ. ನೋಟಿಸು ನಾಳೆ ನ್ಯಾಯಾಲಯದಲ್ಲಿ ದಾಖಲೆಯಾಗಬಹುದು. ಅಲ್ಲಿ ಅಧಿನಿಯಮದ ಕಲಮು, ಕಾನೂನಿನ ಪದ, ನಿಗದಿತ ನಮೂನೆ ಅಕ್ಷರಶಃ ಇರಲೇಬೇಕು, ಅವನ್ನು ಸಡಿಲಿಸುವ ಅಧಿಕಾರ ಗುಮಾಸ್ತರಿಗಿಲ್ಲ. ಆದರೆ ಆ ನಮೂನೆಯ ಮೇಲ್ಭಾಗದಲ್ಲಿ ‘ನಿಮ್ಮ ಆಸ್ತಿ ತೆರಿಗೆ ಇಷ್ಟು ಬಾಕಿ ಇದೆ, ಇಂಥ ದಿನದವರೆಗೆ ಕಟ್ಟಬೇಕು, ಆಕ್ಷೇಪ ಇದ್ದರೆ ಇಂಥವರಿಗೆ ಅರ್ಜಿ ಕೊಡಬಹುದು’ ಎಂಬ ಮೂರು ಸಾಲು ಸೇರಿಸಲು ಯಾವ ಅಡ್ಡಿಯೂ ಇಲ್ಲ.

ಕರಡು ಸರಿಯಾಗಿದೆಯೇ ಎಂದು ನೋಡಲು ಕಚೇರಿಯ ಒಳಗಿನವರನ್ನು ಕೇಳಿ ಪ್ರಯೋಜನವಿಲ್ಲ, ಅವರಿಗೆ ವಿಷಯ ಮೊದಲೇ ಗೊತ್ತು. ಬೇರೆ ಕೆಲಸಕ್ಕೆ ಬಂದು ಬೆಂಚಿನ ಮೇಲೆ ಕಾಯುತ್ತಿರುವ ಒಬ್ಬರಿಗೆ ಅದನ್ನು ಒಮ್ಮೆ ಓದಿ ಹೇಳಬೇಕು. ಓದುವವರು ಎಲ್ಲಾದರೂ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ಆ ವಾಕ್ಯ ಉದ್ದವಾಯಿತು. ಓದಿ ಮುಗಿದ ಮೇಲೆ ಕಾಗದವನ್ನು ಮಡಚಿಟ್ಟು, ರಿಯಾಯಿತಿ ಯಾವತ್ತಿನವರೆಗೆ, ದಂಡ ಯಾವಾಗಿನಿಂದ, ಬರುವಾಗ ಏನು ತರಬೇಕು ಎಂದು ಕೇಳಬೇಕು. ಅವರು ಉತ್ತರಿಸುವಾಗ ಬಳಸುವ ಪದಗಳನ್ನು ಗಮನಿಸಬೇಕು. ನಾವು ‘ರಿಯಾಯಿತಿ’ ಎಂದು ಬರೆದದ್ದನ್ನು ಅವರೂ ರಿಯಾಯಿತಿ ಎಂದೇ ಹೇಳಿದರೆ ಪದ ನಿಂತಿದೆ. ‘ಅದೇ, ಡಿಸ್ಕೌಂಟು’ ಎಂದರೂ ಅರ್ಥ ತಲುಪಿದೆ, ಪದವನ್ನು ಹಾಗೇ ಉಳಿಸಬಹುದು. ‘ಏನೋ ಮಾಫಿ ಅಂದ್ರಲ್ಲ’ ಎಂದರೆ ಆ ಸಾಲನ್ನು ಮತ್ತೆ ಬರೆಯಬೇಕು, ಹಾಗೆ ಬರೆದದ್ದನ್ನು ಬೆಂಚಿನ ಮೇಲೆ ಕೂತ ಮುಂದಿನವರಿಗೆ ಓದಿ ಹೇಳಬೇಕು.